ಮನೆ ರಿಪೇರಿಗೆ ಡ್ರಿಲ್ ಯಂತ್ರ: ಆಯ್ಕೆ ಮತ್ತು ಬಳಕೆ

ಡ್ರಿಲ್ ಯಂತ್ರವೆಂದರೆ ವಿದ್ಯುತ್ ಮೋಟರಿನ ಬಲದಿಂದ ಬಿಟ್ ಎಂಬ ಉಕ್ಕಿನ ಕಡ್ಡಿಯನ್ನು ತಿರುಗಿಸಿ ಮರ, ಲೋಹ, ಗೋಡೆಗಳಲ್ಲಿ ತೂತು ಕೊರೆಯುವ ಸಾಧನ. 1889ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಆರ್ಥರ್ ಜೇಮ್ಸ್ ಆರ್ನಾಟ್ ಮತ್ತು ವಿಲಿಯಂ ಬ್ಲಾಂಚ್ ಬ್ರೈನ್ ವಿದ್ಯುತ್ ಡ್ರಿಲ್ಲಿಗೆ ಪೇಟೆಂಟ್ ಪಡೆದರು. ಅದು ಭಾರದ ಯಂತ್ರ. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಫೈನ್ ಸೋದರರು ಕೈಯಲ್ಲಿ ಹಿಡಿಯಬಹುದಾದ ಡ್ರಿಲ್ ಮಾಡಿದರು. ಪಿಸ್ತೂಲಿನಂಥ ಹಿಡಿ, ಬೆರಳಿನಿಂದ ಒತ್ತುವ ಸ್ವಿಚ್ ಇರುವ ಇಂದಿನ ರೂಪಕ್ಕೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ 1917ರಲ್ಲಿ ಪೇಟೆಂಟ್ ಪಡೆಯಿತು. ಗೋಡೆಯ ತೂತಿಗೆ ತೂರಿಸುವ ನೈಲಾನ್ ಪ್ಲಗ್ಗನ್ನು ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ರೂಪಿಸಿದ. ಡ್ರಿಲ್ ಮನೆಮನೆಯ ವಸ್ತುವಾಗಲು ಯಂತ್ರದಷ್ಟೇ ಈ ಪ್ಲಗ್ಗೂ ಕಾರಣ.

ಕರ್ನಾಟಕದ ಮನೆಗಳಲ್ಲಿ ಡ್ರಿಲ್ಲಿಗೆ ಬರುವ ಕೆಲಸ ಹೆಚ್ಚಾಗಿ ಗೋಡೆಯದು. ಪರದೆ ರಾಡು, ಪುಸ್ತಕದ ಹಲಗೆ, ಗೀಸರ್, ಕನ್ನಡಿ, ದೇವರ ಮಂಟಪ, ಬಟ್ಟೆ ಒಣಹಾಕುವ ತಂತಿಯ ಕೊಕ್ಕೆ, ಇವೆಲ್ಲ ಗೋಡೆಗೆ ಬೀಳುವ ತೂತುಗಳೇ. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಕೇಳಬೇಕಾದ್ದು ಎಷ್ಟು ವ್ಯಾಟ್ ಎಂದಲ್ಲ, ನಮ್ಮ ಗೋಡೆ ಯಾವುದರದು ಎಂದು. ವ್ಯಾಟ್, ಚಕ್, ಬಿಟ್ ಎಲ್ಲದರ ಉತ್ತರವೂ ಅದರ ಹಿಂದೆಯೇ ಬರುತ್ತದೆ.

ಗೋಡೆಯನ್ನು ಗುರುತಿಸುವುದು

ಬಣ್ಣ ಬಳಿದ ಮೇಲೆ ಎಲ್ಲ ಗೋಡೆಯೂ ಒಂದೇ ಥರ ಕಾಣುತ್ತದೆ. ಒಳಗೇನಿದೆಯೆಂದು ತಿಳಿಯಲು ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ 5 ಅಥವಾ 6 ಮಿ.ಮೀ. ಬಿಟ್ಟಿನಿಂದ ಒಂದು ತೂತು ಕೊರೆದು, ಬೀಳುವ ಪುಡಿಯನ್ನು ಕಾಗದದ ಮೇಲೆ ಹಿಡಿಯಬೇಕು. ಮೊದಲ 12ರಿಂದ 15 ಮಿ.ಮೀ. ಪ್ಲಾಸ್ಟರಿಂಗ್, ಅಲ್ಲಿ ಬೂದು ಬಣ್ಣದ ಮರಳುಮರಳಾದ ಪುಡಿ ಬರುತ್ತದೆ, ಬಿಟ್ಟು ಸಲೀಸಾಗಿ ಇಳಿಯುತ್ತದೆ. ಅದಾದ ಮೇಲೆ ಬರುವುದು ಗೋಡೆಯ ನಿಜವಾದ ಪುಡಿ. ಕೆಂಪಾಗಿದ್ದರೆ ಸುಟ್ಟ ಇಟ್ಟಿಗೆ, ಇಲ್ಲವೇ ಕರಾವಳಿಯ ಮನೆಗಳಲ್ಲಿ ಜಂಬಿಟ್ಟಿಗೆ. ಬೂದು ಬಣ್ಣವೇ ಮುಂದುವರಿದು ಬಿಟ್ಟು ತುಸು ತಡವರಿಸುತ್ತ ಸಾಗಿದರೆ ಸಿಮೆಂಟಿನ ಸಾಲಿಡ್ ಬ್ಲಾಕ್. ಬೆಣ್ಣೆಗೆ ಚಾಕು ಹಾಕಿದಂತೆ ಇಳಿದು ಹಗುರವಾದ ಬಿಳಿ ಪುಡಿ ಉದುರಿದರೆ ಈಚಿನ ಅಪಾರ್ಟ್‌ಮೆಂಟುಗಳಲ್ಲಿ ಬಳಸುವ ಎಎಸಿ ಬ್ಲಾಕ್. ಬಿಟ್ಟು ಹಠಾತ್ತನೆ ಒಳಕ್ಕೆ ನುಗ್ಗಿದರೆ ಟೊಳ್ಳು ಬ್ಲಾಕ್. ಪ್ಲಾಸ್ಟರಿಂಗ್ ದಾಟಿದ ಕೂಡಲೇ ಬಿಟ್ಟು ನಿಂತಲ್ಲೇ ನಿಂತು, ಹಿಟ್ಟಿನಂಥ ನುಣ್ಣನೆ ಪುಡಿ ಮಾತ್ರ ಬರುತ್ತಿದ್ದರೆ ಅದು ಆರ್‌ಸಿಸಿ ಕಾಂಕ್ರೀಟ್.

ಸಾಮಾನ್ಯ ಮನೆಗಳಲ್ಲಿ ಕಾಂಕ್ರೀಟ್ ಇರುವುದು ಪಿಲ್ಲರ್, ಬೀಮ್, ಮೋಲ್ಡ್ ಮತ್ತು ಕಿಟಕಿ ಬಾಗಿಲುಗಳ ಮೇಲಿನ ಲಿಂಟಲ್‌ನಲ್ಲಿ. ಬೆಂಗಳೂರಿನ ಹಲವು ಹೊಸ ಬಹುಮಹಡಿ ಕಟ್ಟಡಗಳಲ್ಲಿ ಹಾಗಲ್ಲ. ಅಲ್ಯೂಮಿನಿಯಂ ಅಚ್ಚಿನೊಳಗೆ ಕಾಂಕ್ರೀಟ್ ಸುರಿದು ಗೋಡೆಗಳನ್ನೇ ಎರಕ ಹೊಯ್ಯುತ್ತಾರೆ. ಕಟ್ಟಡ ಕೆಲಸದವರು ಇದನ್ನು ಮೈವಾನ್ ಗೋಡೆ ಎನ್ನುತ್ತಾರೆ. ಅಂಥ ಮನೆಯಲ್ಲಿ ಎಲ್ಲಿ ಕೊರೆದರೂ ಕಾಂಕ್ರೀಟೇ.

ಎರಡು ಬಗೆಯ ಪೆಟ್ಟು

ಮನೆಯ ಮಟ್ಟದಲ್ಲಿ ಆಯ್ಕೆ ಮುಖ್ಯವಾಗಿ ಇಂಪ್ಯಾಕ್ಟ್ ಡ್ರಿಲ್ ಮತ್ತು ರೋಟರಿ ಹ್ಯಾಮರ್ ಇವೆರಡರ ನಡುವೆ. ಅಂಗಡಿಯವರು ಎರಡನ್ನೂ ಹ್ಯಾಮರ್ ಎಂದೇ ಕರೆಯುವುದುಂಟು. ಆದರೆ ಒಳಗಿನ ಕೆಲಸ ಪೂರ್ತಿ ಬೇರೆ.

ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಹಲ್ಲುಗಳಿರುವ ಎರಡು ಬಿಲ್ಲೆಗಳು ಎದುರುಬದುರಾಗಿರುತ್ತವೆ. ನಾವು ಯಂತ್ರವನ್ನು ಗೋಡೆಗೆ ಒತ್ತಿದಾಗ ಅವು ಕೂಡಿಕೊಂಡು, ಒಂದರ ಹಲ್ಲು ಇನ್ನೊಂದರ ಮೇಲೆ ಹತ್ತಿ ಇಳಿಯುತ್ತವೆ. ಆಗ ಬಿಟ್ಟು ಚಕ್ ಸಮೇತ ಮುಂದಕ್ಕೂ ಹಿಂದಕ್ಕೂ ಅದುರುತ್ತದೆ. ಈ ಪೆಟ್ಟುಗಳ ಸಂಖ್ಯೆ ನಿಮಿಷಕ್ಕೆ 45 ಸಾವಿರದಷ್ಟಾದರೂ ಒಂದೊಂದು ಪೆಟ್ಟೂ ತೀರಾ ಸಣ್ಣದು. ಅದರ ಬಲ ನಮ್ಮ ತೋಳಿನ ಒತ್ತಡವನ್ನು ಅವಲಂಬಿಸಿರುತ್ತದೆ. ಇಟ್ಟಿಗೆಗೂ ಸಿಮೆಂಟ್ ಬ್ಲಾಕಿಗೂ ಇಷ್ಟು ಸಾಕು. ಕಾಂಕ್ರೀಟಿನೊಳಗಿನ ಜಲ್ಲಿಕಲ್ಲಿಗೆ ಬಿಟ್ಟು ತಾಗಿದರೆ ಮಾತ್ರ ಅದು ಕಲ್ಲನ್ನು ಒಡೆಯದೆ ಬರೀ ಉಜ್ಜತೊಡಗುತ್ತದೆ.

ರೋಟರಿ ಹ್ಯಾಮರಿನಲ್ಲಿ ಮೋಟರು ಒಂದು ಪಿಸ್ಟನ್ನನ್ನು ನಡೆಸುತ್ತದೆ. ಪಿಸ್ಟನ್ನು ಗಾಳಿಯನ್ನು ಒತ್ತಿ, ಆ ಗಾಳಿ ಒಂದು ಉಕ್ಕಿನ ಗುಂಡನ್ನು ಬಿಟ್ಟಿನ ಹಿಂಬದಿಗೆ ಚಿಮ್ಮಿಸುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಪೆಟ್ಟು ಮಾತ್ರ; ಆದರೆ ಪ್ರತಿಯೊಂದೂ ಜಲ್ಲಿಯನ್ನು ಒಡೆಯುವಷ್ಟು ಗಟ್ಟಿ. ಸುಮಾರು 2 ಕಿಲೋ ತೂಕದ ವರ್ಗದ ಯಂತ್ರಗಳಲ್ಲಿ ಒಂದು ಪೆಟ್ಟಿನ ಶಕ್ತಿ 1.5ರಿಂದ 2.7 ಜೂಲ್‌ವರೆಗೆ ಇರುತ್ತದೆ. ಇದಕ್ಕೆ ತೋಳಿನ ಬಲ ಬೇಡ. ಯಂತ್ರವನ್ನು ನೇರವಾಗಿ ಹಿಡಿದು ಹಗುರಾಗಿ ಒತ್ತಿದರಾಯಿತು. ಜೋರಾಗಿ ಒತ್ತಿದರೆ ಪೆಟ್ಟಿನ ಓಟ ಕುಗ್ಗಿ ಕೆಲಸ ನಿಧಾನವಾಗುತ್ತದೆ.

ಹೀಗಾಗಿ ಇಟ್ಟಿಗೆ, ಬ್ಲಾಕ್ ಅಥವಾ ಜಂಬಿಟ್ಟಿಗೆಯ ಮನೆಗೆ 13 ಮಿ.ಮೀ. ಇಂಪ್ಯಾಕ್ಟ್ ಡ್ರಿಲ್ ಸರಿಯಾದ ಆಯ್ಕೆ. ಮರ, ಕಬ್ಬಿಣಗಳಿಗೂ ಅದೇ ಆಗುತ್ತದೆ. ಮೈವಾನ್ ಗೋಡೆಯ ಮನೆಗೆ ಮಾತ್ರ ಮೊದಲೇ ರೋಟರಿ ಹ್ಯಾಮರ್ ಕೊಳ್ಳುವುದು ಒಳ್ಳೆಯದು. ಅಂಥಲ್ಲಿ ಇಂಪ್ಯಾಕ್ಟ್ ಡ್ರಿಲ್ ಕೊಂಡವರು ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಲು ಹೋಗುತ್ತಾರೆ. ಯಂತ್ರದಲ್ಲಿ ದೋಷವಿರುವುದಿಲ್ಲ, ಅದು ಆ ಗೋಡೆಗೆ ಹೇಳಿದ್ದಲ್ಲ, ಅಷ್ಟೇ.

ಬ್ಯಾಟರಿ ಡ್ರಿಲ್ಲುಗಳು ಸ್ಕ್ರೂ ಹಾಕಲು, ಬಿಚ್ಚಲು ಬಹಳ ಅನುಕೂಲ. 12 ವೋಲ್ಟಿನದು ಹಗುರ. ಪೀಠೋಪಕರಣ ಜೋಡಿಸಲು ಸಾಕು. ಗೋಡೆಯ ಕೆಲಸವೂ ಬೇಕೆಂದರೆ 18 ವೋಲ್ಟಿನ ಇಂಪ್ಯಾಕ್ಟ್ ಇರುವ ಮಾದರಿಯೇ ಬೇಕು. 18 ಮತ್ತು 20 ವೋಲ್ಟ್ ಎಂದು ಬೇರೆ ಬೇರೆಯಾಗಿ ಬರೆದಿರುವ ಬ್ಯಾಟರಿಗಳು ಬಹುಮಟ್ಟಿಗೆ ಒಂದೇ. ಪೂರ್ತಿ ಚಾರ್ಜ್ ಆದಾಗಿನ ವೋಲ್ಟೇಜನ್ನು ಕೆಲವರು ಬರೆಯುತ್ತಾರೆ. ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಬಳಸುವ ಮನೆಗೆ ವಯರಿನ ಯಂತ್ರವೇ ಮೇಲು. ಬಳಸದೆ ಬಿಟ್ಟ ಬ್ಯಾಟರಿ ತಾನಾಗಿ ಹಾಳಾಗುತ್ತದೆ, ವಯರು ಹಾಗಲ್ಲ.

ವ್ಯಾಟ್ ಮತ್ತು ವೇಗ

ಯಂತ್ರದ ಮೇಲೆ ಬರೆದ ವ್ಯಾಟ್, ಅದು ಗೋಡೆಯ ಸಾಕೆಟ್ಟಿನಿಂದ ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕ. ಬಿಟ್ಟಿನ ತುದಿಗೆ ತಲುಪುವ ಬಲ ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆಯೆಂಬುದು ಮೋಟರು ಮತ್ತು ಗೇರುಗಳ ಗುಣಮಟ್ಟದ ಮೇಲೆ ನಿಂತಿದೆ. ಹೀಗಾಗಿ ಹೆಸರಿಲ್ಲದ ಅಗ್ಗದ ಯಂತ್ರದ 850 ವ್ಯಾಟಿಗಿಂತ ಒಳ್ಳೆಯ ತಯಾರಿಕೆಯ 600 ವ್ಯಾಟ್ ಹೆಚ್ಚು ಕೆಲಸ ಮಾಡಬಹುದು. ಮನೆಗೆ 550ರಿಂದ 650 ವ್ಯಾಟಿನ ಇಂಪ್ಯಾಕ್ಟ್ ಡ್ರಿಲ್ ಧಾರಾಳವಾಯಿತು. ನಮ್ಮ 230 ವೋಲ್ಟಿನಲ್ಲಿ 600 ವ್ಯಾಟಿನ ಯಂತ್ರ ಎಳೆಯುವುದು ಸುಮಾರು 2.6 ಆಂಪಿಯರ್, ಮಾಮೂಲಿ 6 ಆಂಪಿಯರ್ ಸಾಕೆಟ್ಟಿಗೆ ಹಾಕಬಹುದು.

ವ್ಯಾಟಿಗಿಂತ ಮುಖ್ಯವಾದದ್ದು ವೇಗವನ್ನು ಬೆರಳಿನಲ್ಲಿ ಹಿಡಿತದಲ್ಲಿಡುವ ಸ್ವಿಚ್. ಒಂದೇ ವೇಗದ ಯಂತ್ರವನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಟೈಲ್ಸಿನ ಮೇಲೆ ಬಿಟ್ಟು ಜಾರದಂತೆ ಶುರುಮಾಡಲು, ಕಬ್ಬಿಣ ಕೊರೆಯಲು, ಸ್ಕ್ರೂ ತಿರುಗಿಸಲು ನಿಧಾನ ಬೇಕೇ ಬೇಕು. 6 ಮಿ.ಮೀ. ಬಿಟ್ಟಿನಲ್ಲಿ ಸಾದಾ ಕಬ್ಬಿಣ ಕೊರೆಯಲು ನಿಮಿಷಕ್ಕೆ ಸುಮಾರು 1300 ಸುತ್ತು ತಕ್ಕದ್ದು, 10 ಮಿ.ಮೀ. ಬಿಟ್ಟಿಗೆ ಸುಮಾರು 800. ಬಿಟ್ಟು ದಪ್ಪವಾದಷ್ಟೂ ಅದರ ಅಂಚು ಒಂದು ಸುತ್ತಿನಲ್ಲಿ ಹೆಚ್ಚು ದೂರ ಉಜ್ಜುತ್ತದೆ, ಆದ್ದರಿಂದ ಸುತ್ತು ಕಡಿಮೆ ಮಾಡಬೇಕು. ಮನೆಯ ಇಂಪ್ಯಾಕ್ಟ್ ಡ್ರಿಲ್ಲುಗಳ ಪೂರ್ಣ ವೇಗ 2800ರಿಂದ 3000 ಸುತ್ತಿನ ಆಸುಪಾಸು. ಆ ವೇಗದಲ್ಲಿ ಸ್ಟೀಲ್ ಪೈಪಿಗೆ ಬಿಟ್ಟು ಹಾಕಿದರೆ ಅದರ ತುದಿ ನೀಲಿಯಾಗಿ, ಹದ ಕಳೆದುಕೊಂಡು, ಮುಂದೆ ಏನನ್ನೂ ಕೊರೆಯುವುದಿಲ್ಲ.

ಹಿಂದಕ್ಕೆ ತಿರುಗಿಸುವ ರಿವರ್ಸ್ ಸೌಲಭ್ಯವೂ ಇರಬೇಕು. ಸ್ಕ್ರೂ ಬಿಚ್ಚಲಷ್ಟೇ ಅಲ್ಲ, ಸಿಕ್ಕಿಕೊಂಡ ಬಿಟ್ಟನ್ನು ಹೊರತೆಗೆಯಲು ಅದೇ ದಾರಿ.

ಚಕ್

ಬಿಟ್ಟನ್ನು ಕಚ್ಚಿ ಹಿಡಿಯುವ ಮೂರು ದವಡೆಯ ಭಾಗವೇ ಚಕ್. 10 ಮಿ.ಮೀ., 13 ಮಿ.ಮೀ. ಎಂಬ ಅಳತೆ ಅದು ಹಿಡಿಯಬಲ್ಲ ಅತಿ ದಪ್ಪ ಬಿಟ್ಟಿನ ಬುಡವನ್ನು ಸೂಚಿಸುತ್ತದೆ. ಎಷ್ಟು ದೊಡ್ಡ ತೂತು ಕೊರೆಯಬಹುದೆಂಬ ಲೆಕ್ಕ ಅದಲ್ಲ. ಬಾಗಿಲಿಗೆ ಬೀಗ ಕೂರಿಸಲು ಬಳಸುವ ಅಗಲ ಗರಗಸದ ಬಿಟ್ಟಿನ ಬುಡ 10 ಮಿ.ಮೀ.ಗಿಂತ ಸಣ್ಣದಿರಬಹುದು, ಆದರೆ ಅದನ್ನು ತಿರುಗಿಸುವ ಬಲ 13 ಮಿ.ಮೀ. ವರ್ಗದ ಯಂತ್ರದಲ್ಲೇ ಸಿಗುತ್ತದೆ. 10 ಮಿ.ಮೀ. ಯಂತ್ರಗಳು ವೇಗವಾಗಿ ತಿರುಗುವ ಹಗುರ ಯಂತ್ರಗಳು. ಹಲವುದರಲ್ಲಿ ಇಂಪ್ಯಾಕ್ಟ್ ಇರುವುದೇ ಇಲ್ಲ.

ಕೀಲಿ ಹಾಕಿ ಬಿಗಿಮಾಡುವ ಚಕ್, ಕೈಯಲ್ಲೇ ತಿರುಗಿಸುವ ಚಕ್ ಎಂದು ಎರಡು ಬಗೆ. ಗೋಡೆಯ ಕೆಲಸಕ್ಕೆ ಕೀಲಿಯದೇ ಉತ್ತಮ, ಏಕೆಂದರೆ ಅದುರಾಟಕ್ಕೆ ಕೈಯಲ್ಲಿ ಬಿಗಿದ ಚಕ್ ಸಡಿಲವಾಗುವುದುಂಟು. ಕೀಲಿಯನ್ನು ಒಂದೇ ತೂತಿನಲ್ಲಿ ಹಾಕಿ ಬಿಗಿಮಾಡಿ ಬಿಡುವುದು ಬಹಳ ಜನರ ರೂಢಿ. ಚಕ್ಕಿನ ಸುತ್ತಲಿರುವ ಮೂರೂ ತೂತುಗಳಲ್ಲಿ ಒಂದಾದ ಮೇಲೊಂದರಂತೆ ಬಿಗಿಮಾಡಿದರೆ ದವಡೆಗಳು ಸಮನಾಗಿ ಕಚ್ಚುತ್ತವೆ, ಬಿಟ್ಟು ಜಾರಿ ಅದರ ಬುಡ ಗೀಚಿಹೋಗುವುದಿಲ್ಲ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು: ಉದ್ದನೆಯ ನೇರ ಬಿಟ್ಟೊಂದನ್ನು ಹಾಕಿಸಿ, ನಿಧಾನ ವೇಗದಲ್ಲಿ ತಿರುಗಿಸಿ, ತುದಿಯನ್ನು ನೋಡಿ. ತುದಿ ಒಂದೇ ಚುಕ್ಕಿಯಾಗಿ ನಿಲ್ಲದೆ ಸಣ್ಣ ವೃತ್ತ ಬರೆಯುತ್ತಿದ್ದರೆ ಆ ಯಂತ್ರ ಬೇಡ.

ರೋಟರಿ ಹ್ಯಾಮರಿನಲ್ಲಿ ದವಡೆಗಳಿಲ್ಲ. ಎಸ್‌ಡಿಎಸ್ ಪ್ಲಸ್ ಎಂಬ ಕೂರುವಿಕೆಯಲ್ಲಿ 10 ಮಿ.ಮೀ. ದಪ್ಪದ, ಗಾಡಿ ಕೊರೆದ ಬುಡವಿರುವ ಬಿಟ್ಟನ್ನು ಒತ್ತಿದರೆ ಕಟಕ್ಕನೆ ಕೂರುತ್ತದೆ. ಅಲ್ಲಿ ಅದು ಹಿಂದೆ ಮುಂದೆ ತುಸು ಆಡುವುದೇ ಸರಿಯಾದ ಕ್ರಮ. ಪೆಟ್ಟು ಬಿಟ್ಟಿಗೆ ಮಾತ್ರ ಬೀಳಲೆಂದು ಹಾಗೆ ಮಾಡಿದ್ದಾರೆ. ಸಾದಾ ಬಿಟ್ಟು ಬಳಸಲು ಇದಕ್ಕೊಂದು ಜೋಡಣೆಯ ಚಕ್ ಸಿಗುತ್ತದೆ. ಅದನ್ನು ಹಾಕಿದಾಗ ಪೆಟ್ಟಿನ ಗುಂಡಿಯನ್ನು ಕಡ್ಡಾಯವಾಗಿ ಆರಿಸಬೇಕು, ಇಲ್ಲವಾದರೆ ದವಡೆಗಳು ಮುರಿಯುತ್ತವೆ.

ಬಿಟ್ಟುಗಳು

ಗೋಡೆಯ ಬಿಟ್ಟಿನ ತುದಿಯಲ್ಲಿ ಕಾರ್ಬೈಡ್ ಎಂಬ ಅತಿ ಗಡಸು ಲೋಹದ ಸಣ್ಣ ಬಿಲ್ಲೆಯನ್ನು ಬೆಸೆದಿರುತ್ತಾರೆ. ಅದು ಕಡ್ಡಿಗಿಂತ ತುಸು ಅಗಲವಾಗಿ, ಅಡ್ಡಲಾಗಿ ಕಾಣುವುದೇ ಗುರುತು. ಲೋಹದ ಬಿಟ್ಟಿಗೆ ಅದಿಲ್ಲ. ಇಡೀ ಕಡ್ಡಿ ಎಚ್‌ಎಸ್‌ಎಸ್ ಎಂಬ ಉಕ್ಕಿನದು, ತುದಿ ಹರಿತ. ಮರದ ಬಿಟ್ಟಿನ ನಡುವೆ ಮೊಳೆಯಂಥ ಚೂಪು ಇರುತ್ತದೆ. ಲೋಹದ ಬಿಟ್ಟನ್ನು ಮರಕ್ಕೆ ಬಳಸಬಹುದು. ಅದನ್ನೇ ಗೋಡೆಗೆ ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ಅಂಚು ಸವೆದುಹೋಗುತ್ತದೆ.

ನೂರು ತುಂಡುಗಳ ಪೆಟ್ಟಿಗೆ ಬೇಕಾಗುವುದಿಲ್ಲ. ಗೋಡೆಗೆ 6, 8 ಮತ್ತು 10 ಮಿ.ಮೀ., ಲೋಹ ಮತ್ತು ಮರಕ್ಕೆ 2.5, 3, 4, 5, 6 ಮಿ.ಮೀ. ಬಿಟ್ಟುಗಳನ್ನು ಒಳ್ಳೆಯ ತಯಾರಿಕೆಯಲ್ಲಿ ಬಿಡಿಬಿಡಿಯಾಗಿ ಕೊಂಡರೆ ಬಹುತೇಕ ಕೆಲಸ ಸಾಗುತ್ತದೆ. ತೇಗ, ಹಲಸಿನಂಥ ಗಟ್ಟಿ ಮರಕ್ಕೆ 4 ಮಿ.ಮೀ. ಸ್ಕ್ರೂ ಹಾಕುವ ಮುನ್ನ 2.5 ಅಥವಾ 3 ಮಿ.ಮೀ. ತೂತು ಹಾಕಿಕೊಂಡರೆ ಮರ ಸೀಳದು, ಸ್ಕ್ರೂವಿನ ತಲೆಯೂ ತಿರುಚಿ ಹೋಗದು.

ಬಚ್ಚಲಿನ ಟೈಲ್ಸಿಗೆ ಈಟಿಯ ಮೊನೆಯಂಥ ಬಿಟ್ಟು ಬೇರೆ ಇದೆ. ಪೆಟ್ಟನ್ನು ಆರಿಸಿ, ಟೈಲ್ಸಿನ ಮೇಲೆ ಟೇಪು ಅಂಟಿಸಿ, ನಿಧಾನವಾಗಿ ಕೊರೆಯಬೇಕು. ಟೈಲ್ಸು ದಾಟಿದ ಮೇಲೆ ಗೋಡೆಯ ಬಿಟ್ಟು ಹಾಕಿ ಪೆಟ್ಟನ್ನು ಚಾಲೂ ಮಾಡಬಹುದು. ಪ್ಲಗ್ಗನ್ನು ಟೈಲ್ಸಿನ ಹಿಂದಿನ ಗೋಡೆಯವರೆಗೂ ಒಳಕ್ಕೆ ತಳ್ಳುವುದನ್ನು ಮರೆಯಬಾರದು. ಅದು ಟೈಲ್ಸಿನ ದಪ್ಪದಲ್ಲೇ ಉಳಿದರೆ, ಸ್ಕ್ರೂ ಬಿಗಿದಾಗ ಪ್ಲಗ್ ಹಿಗ್ಗಿ ಟೈಲ್ಸ್ ಸೀಳುತ್ತದೆ. ಗಟ್ಟಿಯಾದ ವಿಟ್ರಿಫೈಡ್ ಟೈಲ್ಸಿಗೆ ಈಟಿ ಬಿಟ್ಟು ಸಾಲದು. ವಜ್ರದ ಹರಳು ಹಚ್ಚಿದ ಕೊಳವೆ ಬಿಟ್ಟನ್ನು ನೀರು ಹನಿಸುತ್ತ ಬಳಸಬೇಕು.

ಒಂದು ಕೆಲಸ: ಕಿಟಕಿಗೆ ಪರದೆ ರಾಡು

ಮನೆಯವರು ಮೊದಲು ಕೈಹಾಕುವುದೂ, ಹೆಚ್ಚಾಗಿ ಸೋಲುವುದೂ ಇದರಲ್ಲೇ. ರಾಡಿನ ಬ್ರ್ಯಾಕೆಟ್ಟನ್ನು ಕಿಟಕಿಯ ಚೌಕಟ್ಟಿನಿಂದ ಮೂರು ನಾಲ್ಕು ಇಂಚು ಮೇಲೆ ಹಾಕುವುದು ವಾಡಿಕೆ. ಕಿಟಕಿಯ ಮೇಲೆ ಸುಮಾರು 15 ಸೆ.ಮೀ. ಎತ್ತರದ ಲಿಂಟಲ್ ಇರುವುದರಿಂದ ತೂತು ನೇರವಾಗಿ ಕಾಂಕ್ರೀಟಿಗೇ ಬೀಳುತ್ತದೆ.

ಹಗುರ ಪರದೆಗೆ 6 ಮಿ.ಮೀ. ದಪ್ಪ, 30 ಮಿ.ಮೀ. ಉದ್ದದ ಪ್ಲಗ್ ಸಾಕು. ಅದಕ್ಕೆ ಹೊಂದುವ ಸ್ಕ್ರೂವನ್ನು ಅಂಗಡಿಯಲ್ಲಿ 8 ನಂಬರಿನ ಒಂದೂವರೆ ಇಂಚಿನದು ಎಂದು ಕೇಳಬೇಕು. ಅದು ಸುಮಾರು 4.2 ಮಿ.ಮೀ. ದಪ್ಪ, 38 ಮಿ.ಮೀ. ಉದ್ದ. ತೂತಿನ ಆಳ ಪ್ಲಗ್ಗಿಗಿಂತ 10 ಮಿ.ಮೀ. ಹೆಚ್ಚಿರಲಿ. ಬಿಟ್ಟಿನ ತುದಿಯಿಂದ 40 ಮಿ.ಮೀ. ಅಳೆದು ಅಲ್ಲೊಂದು ಟೇಪು ಸುತ್ತಿದರೆ ಆಳ ತಪ್ಪುವುದಿಲ್ಲ. ಎರಡು ಬದಿಯ ಗುರುತುಗಳನ್ನು ರಸಮಟ್ಟ ಇಟ್ಟು ನೋಡಿ, ಗುರುತಿನ ಮೇಲೆ ಮೊಳೆಯಿಂದ ಸಣ್ಣ ಗುಳಿ ಮಾಡಿಕೊಂಡರೆ ಬಿಟ್ಟು ಓಡಾಡದು.

ಮೊದಲ 15 ಮಿ.ಮೀ. ಸಲೀಸಾಗಿ ಹೋಗಿ ಬಿಟ್ಟು ನಿಂತಿತೆಂದರೆ ಲಿಂಟಲ್ ಸಿಕ್ಕಿತೆಂದು ಅರ್ಥ. ಇಲ್ಲಿ ಮೈಭಾರ ಹಾಕಿ ಒತ್ತುವುದು ತಪ್ಪು. ಬಿಟ್ಟಿನ ತುದಿ ಕಾದು ಕಪ್ಪಾಗುತ್ತದೆ, ಕಾರ್ಬೈಡ್ ಬಿಲ್ಲೆ ಕಳಚಿಕೊಳ್ಳುತ್ತದೆ. ಪ್ಲಾಸ್ಟರಿಂಗಿನ ಆಳದಲ್ಲೇ ಪ್ಲಗ್ ಕೂರಿಸಿ ಕೆಲಸ ಮುಗಿಸುವುದು ಇನ್ನೂ ದೊಡ್ಡ ತಪ್ಪು. ಪ್ಲಾಸ್ಟರಿಂಗಿಗೆ ಭಾರ ಹೊರುವ ಶಕ್ತಿಯಿಲ್ಲ, ಪರದೆಯನ್ನು ಹತ್ತಾರು ಸಲ ಎಳೆದ ಮೇಲೆ ಅದು ಚಕ್ಕೆಯೆದ್ದು ಬರುತ್ತದೆ. ಸುಲಭದ ಪರಿಹಾರವೆಂದರೆ ಬ್ರ್ಯಾಕೆಟ್ಟನ್ನು ಚೌಕಟ್ಟಿನಿಂದ 20 ಸೆ.ಮೀ. ಮೇಲಕ್ಕೆ ಏರಿಸಿ ಲಿಂಟಲ್ ದಾಟಿಸುವುದು. ಪರದೆ ಅಷ್ಟು ಉದ್ದವಿಲ್ಲದಿದ್ದರೆ ಒಂದು ದಿನದ ಮಟ್ಟಿಗೆ ರೋಟರಿ ಹ್ಯಾಮರನ್ನು ಬಾಡಿಗೆಗೆ ತರಬಹುದು. ಎರಡೂ ಆಗದಿದ್ದರೆ ಮೊದಲು 4 ಮಿ.ಮೀ. ಗೋಡೆ ಬಿಟ್ಟಿನಲ್ಲಿ, ಆಗಾಗ ಹೊರತೆಗೆದು ಪುಡಿ ಉದುರಿಸಿ, ಬಿಟ್ಟನ್ನು ಆರಲು ಬಿಡುತ್ತ ಕೊರೆದು, ಆಮೇಲೆ 6ಕ್ಕೆ ಅಗಲಿಸಬೇಕು. ನಿಧಾನ, ಆದರೆ ಆಗುತ್ತದೆ.

ಕೊರೆಯುವಾಗ ಕೀರಲು ಸದ್ದು ಬಂದು, ಪುಡಿಯಲ್ಲಿ ಹೊಳೆಯುವ ಚೂರು ಕಂಡರೆ ಬಿಟ್ಟು ಕಂಬಿಗೆ ತಾಗಿದೆ. ಲಿಂಟಲ್ಲಿನ ಮೈಯಿಂದ ಕಂಬಿ ಬರೀ 20–25 ಮಿ.ಮೀ. ಒಳಗಿರುತ್ತದೆ, ಹಾಗಾಗಿ ಇದು ಅಪರೂಪವಲ್ಲ. ಕಂಬಿಯನ್ನು ಕೊರೆಯಲು ಹೋಗದೆ ಎರಡು ಮೂರು ಸೆ.ಮೀ. ಸರಿದು ಹೊಸ ತೂತು ಹಾಕಬೇಕು. ಹಳೆಯದನ್ನು ಬಿಳಿ ಸಿಮೆಂಟಿನಿಂದ ಮುಚ್ಚಿದರಾಯಿತು.

ಮೆತ್ತನೆ ಇಟ್ಟಿಗೆ, ಜಂಬಿಟ್ಟಿಗೆ, ಎಎಸಿ ಬ್ಲಾಕುಗಳಲ್ಲಿ ತೊಂದರೆ ಇದಕ್ಕೆ ಉಲ್ಟಾ. ಅಲ್ಲಿ ಪೆಟ್ಟು ಹಾಕಿ ಕೊರೆದರೆ ತೂತು ಅಗಲವಾಗಿ, ಸ್ಕ್ರೂ ಜೊತೆ ಪ್ಲಗ್ಗೂ ತಿರುಗತೊಡಗುತ್ತದೆ. ಬೆಂಕಿಕಡ್ಡಿ ತುರುಕುವ ಹಳೆಯ ಉಪಾಯ ಕ್ಯಾಲೆಂಡರಿಗೆ ನಡೆದೀತು, ಹಲಗೆಗೆ ನಡೆಯದು. ಪೆಟ್ಟು ಆರಿಸಿ ಕೊರೆಯಬೇಕು. ತೂತು ಆಗಲೇ ಅಗಲವಾಗಿದ್ದರೆ 8 ಅಥವಾ 10 ಮಿ.ಮೀ.ನ ಉದ್ದ ಪ್ಲಗ್ ಹಾಕಬೇಕು. ತೂತಿನ ಪುಡಿಯನ್ನು ಪೂರ್ತಿ ತೆಗೆಯದಿದ್ದರೂ ಪ್ಲಗ್ ಕೊನೆಯವರೆಗೆ ಇಳಿಯದೆ ಹೊರಚಾಚುತ್ತದೆ.

ಜೊತೆಗಿರಬೇಕಾದ ಹತಾರಗಳು

ಅಳತೆ ಟೇಪು, ರಸಮಟ್ಟ, ಸುತ್ತಿಗೆ, ಕಟಿಂಗ್ ಪ್ಲೇಯರ್, ಚಪ್ಪಟೆ ಮತ್ತು ನಕ್ಷತ್ರ ತಲೆಯ ಸ್ಕ್ರೂಡ್ರೈವರ್, ಒಂದು ಹೊಂದಿಸುವ ಸ್ಪ್ಯಾನರ್, ಹ್ಯಾಕ್ಸಾ, ಅಲನ್ ಕೀಗಳು, ಲೈನ್ ಟೆಸ್ಟರ್. ಮನೆಯ ಸ್ಕ್ರೂಗಳಿಗೆ ಹೆಚ್ಚಾಗಿ ಬೇಕಾಗುವ ನಕ್ಷತ್ರ ತಲೆ 2 ನಂಬರಿನದು. ಸಣ್ಣ ತಲೆ ಹಾಕಿ ತಿರುಗಿಸಿದರೆ ಸ್ಕ್ರೂವಿನ ಗಾಡಿ ಸವೆದು ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಬ್ಬಿಣ ಕೊರೆಯುವವರು ಗುಳಿ ಹಾಕುವ ಸೆಂಟರ್ ಪಂಚ್ ಒಂದನ್ನು ಸೇರಿಸಿಕೊಳ್ಳಬೇಕು.

ಸುರಕ್ಷತೆ

ಮನೆಯ ಡ್ರಿಲ್ಲಿನಿಂದ ಬರುವ ಅತಿ ದೊಡ್ಡ ಅಪಾಯ ಗೋಡೆಯೊಳಗಿನ ವಯರು. ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೂ ಕೆಳಕ್ಕೂ, ಅದರ ಮಟ್ಟದಲ್ಲೇ ಅಕ್ಕಪಕ್ಕಕ್ಕೂ ಪೈಪು ಹೋಗಿರುತ್ತದೆ. ಆ ಪಟ್ಟಿಯಲ್ಲಿ ಕೊರೆಯಬಾರದು. ನಲ್ಲಿ, ಗೀಸರುಗಳ ಮೇಲೂ ಕೆಳಗೂ ನೀರಿನ ಪೈಪು ಇದೆಯೆಂದೇ ಭಾವಿಸಬೇಕು. ಅನುಮಾನವಿದ್ದರೆ ಆ ಕೋಣೆಯ ಎಂಸಿಬಿ ಆರಿಸಿ, ಇನ್ನೊಂದು ಕೋಣೆಯಿಂದ ಎಕ್ಸ್‌ಟೆನ್ಷನ್ ಎಳೆದು ಕೆಲಸ ಮಾಡಬೇಕು. ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದು ಕೆಲಸ ಮಾಡುತ್ತಿದೆಯೇ ಎಂದು ಅದರ ಟೆಸ್ಟ್ ಗುಂಡಿ ಒತ್ತಿ ನೋಡುವುದು ಒಂದು ಕ್ಷಣದ ಕೆಲಸ. ಯಂತ್ರದ ಹೆಸರುಪಟ್ಟಿಯ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ನಿರೋಧಕವಿದೆ. ಅಂಥದ್ದಕ್ಕೆ ಎರಡೇ ಪಿನ್ನಿನ ಪ್ಲಗ್ ಇರುವುದು ಸರಿಯೇ.

ಎರಡನೆಯದು ಬಿಟ್ಟು ಸಿಕ್ಕಿಕೊಂಡಾಗ ಯಂತ್ರವೇ ತಿರುಗಿ ಮಣಿಕಟ್ಟನ್ನು ತಿರುಚುವುದು. ರೋಟರಿ ಹ್ಯಾಮರಿನಲ್ಲಿ ಇದು ಹೆಚ್ಚು. ಪಕ್ಕದ ಹಿಡಿ ಹಾಕಿ, ಎರಡೂ ಕೈಯಲ್ಲಿ ಹಿಡಿಯದೆ ಶುರುಮಾಡಬಾರದು. ಸ್ಟೂಲಿನ ತುದಿಯಲ್ಲಿ ನಿಂತು ಒಂದು ಕೈಯಲ್ಲಿ ಕೊರೆಯುವವರು ಬೀಳುವುದು ಹೀಗೆಯೇ. ಸ್ವಿಚ್ಚನ್ನು ಒತ್ತಿದಂತೆಯೇ ನಿಲ್ಲಿಸುವ ಲಾಕ್ ಗುಂಡಿಯನ್ನು ಗೋಡೆಯ ಕೆಲಸಕ್ಕೆ ಬಳಸಲೇಬಾರದು.

ಕಣ್ಣಿಗೆ ಗಾಗಲ್ಸ್ ಬೇಕು, ತಲೆಯ ಮೇಲೆ ಕೊರೆಯುವಾಗಂತೂ ತಪ್ಪದೆ. ಸಡಿಲ ಕೈಗವಸು, ದುಪಟ್ಟಾ, ಸೆರಗು, ಬಿಚ್ಚುಗೂದಲು ಬಿಟ್ಟಿಗೆ ಸುತ್ತಿಕೊಳ್ಳುತ್ತವೆ. ಕಾಂಕ್ರೀಟು, ಕಲ್ಲಿನ ಪುಡಿಯಲ್ಲಿ ಸಿಲಿಕಾ ಇರುವುದರಿಂದ ಎನ್95 ಮಾಸ್ಕ್ ಹಾಕಿಕೊಂಡು, ಮುಗಿದ ಮೇಲೆ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬಿಟ್ಟು ಬದಲಿಸುವ ಮುನ್ನ ಪ್ಲಗ್ ಕಿತ್ತಿರಬೇಕು. ಚಕ್ಕಿನಲ್ಲಿ ಮರೆತ ಕೀಲಿ ಯಂತ್ರ ಚಾಲೂ ಆದೊಡನೆ ಮುಖಕ್ಕೆ ಹಾರುತ್ತದೆ. ಕೀಲಿಯನ್ನು ವಯರಿನ ಪ್ಲಗ್ಗಿನ ಹತ್ತಿರವೇ ಕಟ್ಟಿಟ್ಟರೆ, ಪ್ಲಗ್ ಕೀಳದೆ ಕೀಲಿ ಕೈಗೆ ಬರುವುದಿಲ್ಲ.

ಕೆಲ ವರ್ಷ ಬಳಸಿದ ಮೇಲೆ ಗಾಳಿಕಂಡಿಯೊಳಗೆ ಕಿಡಿ ಹೆಚ್ಚಾಗಿ, ಯಂತ್ರ ಬಿಟ್ಟುಬಿಟ್ಟು ಓಡಿದರೆ ಕಾರ್ಬನ್ ಬ್ರಷ್ ಸವೆದಿದೆ ಎಂದು ತಿಳಿಯಬೇಕು. ಜೋಡಿಯಾಗಿ ಬದಲಿಸಬೇಕಾದ ಸಣ್ಣ ಬಿಡಿಭಾಗವದು. ಅದನ್ನು ಕಡೆಗಣಿಸಿ ಓಡಿಸಿದರೆ ಮೋಟರಿನ ಆರ್ಮೇಚರ್ ಸುಡುತ್ತದೆ. ಆ ರಿಪೇರಿಯ ಖರ್ಚು ಹೊಸ ಯಂತ್ರದ ಬೆಲೆಯ ಹತ್ತಿರಕ್ಕೇ ಹೋಗುತ್ತದೆ.